ಮಗುವಿನ ಲಸಿಕೆ ತಾರೀಖು ಲೆಕ್ಕ ಹಾಕೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾನು ಬಹಳ ವರ್ಷ ಲಸಿಕೆ ರಿಜಿಸ್ಟರ್ ಬರೆದಿದ್ದೇನೆ. ಲಸಿಕೆ ಹಾಕುವ ದಿನವಾದ ಗುರುವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಕಟ್ಟೆ ಮೇಲೆ ಕೂಸು ಎತ್ತಿಕೊಂಡ ಅಮ್ಮಂದಿರು, ಅಜ್ಜಿಯರು ಕೂತಿರುತ್ತಿದ್ದರು. "ಏನು ಇಂಜೆಕ್ಷನ್ ಹಾಕ್ತೀರಾ" ಅಂತ ಕೇಳುವವರು ಕಮ್ಮಿ. "ಮತ್ತೆ ಯಾವತ್ತು ಬರ್ಬೇಕು, ಸಿಸ್ಟರ್?" ಅಂತ ಕೇಳುವವರೇ ಜಾಸ್ತಿ. ಆ ಪ್ರಶ್ನೆಗೆ ಮನೆಯಲ್ಲೇ ಉತ್ತರ ಹುಡುಕಿಕೊಳ್ಳಲು ಆಗಲಿ ಅಂತ ಇದನ್ನು ಬರೆದಿದ್ದೇನೆ. ಇಲ್ಲಿರುವುದು ಸರ್ಕಾರಿ ಲಸಿಕೆ ಪಟ್ಟಿಯ ಲೆಕ್ಕ.

ಹುಟ್ಟಿದ ತಾರೀಖು ಗೊತ್ತಿದೆ. ಯಾವಾಗ ಯಾವಾಗ ಹೋಗಬೇಕು?

ಹುಟ್ಟಿದಾಗ ಆಸ್ಪತ್ರೆಯಲ್ಲೇ ಮೂರು ಆಗುತ್ತವೆ. ಬಿಸಿಜಿ, ಸೊನ್ನೆ ಡೋಸ್ ಪೋಲಿಯೋ ಹನಿ ಮತ್ತು ಹೆಪಟೈಟಿಸ್ ಬಿ. ಆಮೇಲೆ 6 ವಾರ, 10 ವಾರ, 14 ವಾರಕ್ಕೆ ಹೋಗಬೇಕು. ಮೂರೂ ಸಲ ಪೆಂಟಾ ಇಂಜೆಕ್ಷನ್, ಪೋಲಿಯೋ ಹನಿ, ರೋಟಾ ಇರುತ್ತವೆ. 6 ಮತ್ತು 14ನೇ ವಾರದಲ್ಲಿ ಇವುಗಳ ಜೊತೆಗೆ ಪೋಲಿಯೋ ಇಂಜೆಕ್ಷನ್ ಮತ್ತು ನ್ಯುಮೋನಿಯಾ ತಡೆಯುವ ಪಿಸಿವಿ ಕೊಡುತ್ತಾರೆ.

ಅಲ್ಲಿಂದ ಮುಂದೆ ತಿಂಗಳ ಲೆಕ್ಕ. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಲಸಿಕೆ, ಅದೇ ಎಂಆರ್, ಮೊದಲ ಡೋಸ್. ಅದರ ಜೊತೆ ಪಿಸಿವಿ ಬೂಸ್ಟರ್, ಪೋಲಿಯೋ ಇಂಜೆಕ್ಷನ್ ಮೂರನೆಯದು, ವಿಟಮಿನ್ ಎ ದ್ರವ. 16ರಿಂದ 24 ತಿಂಗಳ ಒಳಗೆ ಎಂಆರ್ ಎರಡನೇ ಡೋಸ್, ಡಿಪಿಟಿ ಬೂಸ್ಟರ್, ಪೋಲಿಯೋ ಹನಿ ಬೂಸ್ಟರ್. ಮಿದುಳು ಜ್ವರದ ಲಸಿಕೆ, ಅಂದರೆ ಜೆಇ, ಎಲ್ಲ ಜಿಲ್ಲೆಗಳಲ್ಲೂ ಇರುವುದಿಲ್ಲ. ಆ ರೋಗ ಕಾಣಿಸಿಕೊಳ್ಳುವ ಜಿಲ್ಲೆಗಳಲ್ಲಿ ಮಾತ್ರ ಎಂಆರ್ ಜೊತೆಗೆ ಅದನ್ನೂ ಹಾಕುತ್ತಾರೆ. ತವರು ಒಂದು ಜಿಲ್ಲೆ, ಗಂಡನ ಮನೆ ಇನ್ನೊಂದು ಜಿಲ್ಲೆ ಆಗಿದ್ದರೆ ಇದನ್ನು ಮರೆಯದೆ ಕೇಳಿ.

ಎರಡು ವರ್ಷದ ತನಕ ಲಸಿಕೆ ಪಟ್ಟಿ ಇಷ್ಟೇ. ತಪ್ಪಾಗುವುದು ತಾರೀಖು ಎಣಿಸುವಾಗ. ಮೊದಲ ಮೂರು ಸಲ ವಾರದ ಲೆಕ್ಕ, ಆಮೇಲೆ ತಿಂಗಳ ಲೆಕ್ಕ. ಇವೆರಡನ್ನೂ ಒಂದಕ್ಕೊಂದು ಕಲಸಿಬಿಟ್ಟರೆ ಎಲ್ಲ ತಾರೀಖೂ ಜರುಗುತ್ತದೆ.

ಆರು ವಾರ ಅಂದ್ರೆ ಒಂದೂವರೆ ತಿಂಗಳೇ ಅಲ್ವಾ?

ಅಲ್ಲ. ಆರು ವಾರ ಅಂದರೆ 42 ದಿನ. ಒಂದೂವರೆ ತಿಂಗಳು ಅಂದರೆ 45 ಅಥವಾ 46 ದಿನ. ಮೂರು ದಿನ ತಾನೇ ಅನಿಸಬಹುದು. ಆದರೆ ಇದೇ ಲೆಕ್ಕ ಹಿಡಿದು ಹೋದರೆ ಹತ್ತು ವಾರವನ್ನು ಎರಡೂವರೆ ತಿಂಗಳು ಅಂತೀರಿ, ಹದಿನಾಲ್ಕು ವಾರವನ್ನು ಮೂರೂವರೆ ತಿಂಗಳು ಅಂತೀರಿ. 14 ವಾರ 98 ದಿನ. ಮೂರೂವರೆ ತಿಂಗಳು ಸುಮಾರು 106 ದಿನ. ಆಗಲೇ ಒಂದು ವಾರ ಹಿಂದೆ ಬಿದ್ದಿರಿ. ಅಷ್ಟರಲ್ಲಿ ಒಂದು ಗುರುವಾರ ಕೈತಪ್ಪಿ ಹೋಗುತ್ತದೆ.

ನಮ್ಮ ಮಾತಿನಲ್ಲೇ ಇನ್ನೊಂದು ತೊಡಕಿದೆ. ಒಂದು ವಾರಕ್ಕೆ ನಾವು "ಎಂಟು ದಿನ" ಅಂತೇವೆ, ಎರಡು ವಾರಕ್ಕೆ "ಹದಿನೈದು ದಿನ" ಅಂತೇವೆ. ಮಾತಾಡುವಾಗ ಅದರಿಂದ ಏನೂ ತೊಂದರೆ ಇಲ್ಲ. ಆದರೆ ಆರು ವಾರಕ್ಕೆ "ಮೂರು ಹದಿನೈದು" ಅಂತ ಬೆರಳು ಮಡಚಿದರೆ 45 ಬರುತ್ತದೆ. "ಆರು ಎಂಟ್ಲ" ಅಂತ ಮಗ್ಗಿ ಹೇಳಿದರೆ 48 ಬರುತ್ತದೆ. ಹಾಗಾಗಿ ದಿನ ಎಣಿಸಲು ಹೋಗಲೇಬೇಡಿ. ಮಗು ಹುಟ್ಟಿದ ವಾರವನ್ನು ಹಿಡಿದುಕೊಳ್ಳಿ. ಭಾನುವಾರ ಹುಟ್ಟಿದ್ದರೆ 6 ವಾರ ತುಂಬುವುದೂ ಭಾನುವಾರವೇ. 10 ವಾರವೂ ಭಾನುವಾರ, 14 ವಾರವೂ ಭಾನುವಾರ. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಹುಟ್ಟಿದ ಭಾನುವಾರಕ್ಕೆ ಸುತ್ತು ಹಾಕಿ. ಅದರ ಮುಂದಿನ ಭಾನುವಾರದಿಂದ ಒಂದು, ಎರಡು ಅಂತ ಆರರ ತನಕ ಬನ್ನಿ. ಅಲ್ಲಿಂದ ಇನ್ನು ನಾಲ್ಕು, ಮತ್ತೆ ನಾಲ್ಕು. ಕೊನೆಗೆ ನಿಮಗೆ ಸಿಕ್ಕ ದಿನ ಸೋಮವಾರವೋ ಶನಿವಾರವೋ ಆಗಿದ್ದರೆ ಎಣಿಕೆ ತಪ್ಪಿದೆ ಅಂತಲೇ ಅರ್ಥ. ಇಷ್ಟು ಸುಲಭದ ತಾಳೆ ಬೇರೆ ಇಲ್ಲ.

ಹುಟ್ಟಿದ ದಿನವನ್ನೂ ಸೇರಿಸಿ ಎಣಿಸಬೇಕಾ?

ಬೇಡ. ಹುಟ್ಟಿದ ದಿನ ಸೊನ್ನೆ. ಮಾರನೇ ದಿನ ಒಂದು. ಹನ್ನೊಂದನೇ ದಿನದ ಶಾಸ್ತ್ರಕ್ಕೆ ಹುಟ್ಟಿದ ದಿನವನ್ನೂ ಸೇರಿಸಿ ಎಣಿಸುವ ರೂಢಿ ಇರುವ ಮನೆಗಳಲ್ಲಿ ಲಸಿಕೆಗೂ ಹಾಗೇ ಎಣಿಸಿ ಒಂದು ದಿನ ಮುಂಚೆ ಬಂದುಬಿಡುತ್ತಾರೆ.

ರಾತ್ರಿ ಹುಟ್ಟಿದ ಮಕ್ಕಳ ವಿಷಯವೂ ಹೀಗೇ. ನಸುಕಿನ ಎರಡು ಗಂಟೆಗೆ ಹೆರಿಗೆ ಆದರೆ ಮನೆಯ ಹಿರಿಯರು "ಶನಿವಾರ ರಾತ್ರಿ ಹುಟ್ಟಿದ್ದು" ಅಂತಾರೆ. ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ, ಅದಕ್ಕೆ ಅವರು ಹೇಳುವುದು ಸರಿಯೇ. ಆದರೆ ಆಸ್ಪತ್ರೆಯವರು ಮಧ್ಯರಾತ್ರಿ ಹನ್ನೆರಡಕ್ಕೆ ತಾರೀಖು ಬದಲಿಸುತ್ತಾರೆ. ಅವರ ಕಾಗದದಲ್ಲಿ ಭಾನುವಾರ ಇರುತ್ತದೆ. ಜಾತಕ ಹೇಗಾದರೂ ಬರೆಸಿ, ಲಸಿಕೆಗೆ ಮಾತ್ರ ಡಿಸ್ಚಾರ್ಜ್ ಕಾರ್ಡಿನ ತಾರೀಖೇ ಇರಲಿ.

ಒಂಬತ್ತು ತಿಂಗಳು ಲೆಕ್ಕ ಹಾಕುವುದರಲ್ಲಿ ಏನು ತಪ್ಪಾಗುತ್ತದೆ?

ಜಾಸ್ತಿ ತಪ್ಪಾಗುವುದು ಇಲ್ಲೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದೀಪಾವಳಿ ಮುಗಿದ ಗುರುವಾರ, 2025ರ ಅಕ್ಟೋಬರ್ 23ರಂದು, ಒಬ್ಬ ಅಜ್ಜಿ ಮೊಮ್ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. "ಒಂಬತ್ತಕ್ಕೆ ಬಿದ್ದಿದೆ ಕಣವ್ವ, ದಡಾರದ್ದು ಹಾಕ್ಬಿಡು" ಅಂದರು. ಕಾರ್ಡ್ ತೆಗೆದು ನೋಡಿದೆ. ಮಗು ಹುಟ್ಟಿದ್ದು ಫೆಬ್ರವರಿ 10. "ಅಜ್ಜಿ, ಒಂಬತ್ತಕ್ಕೆ ಬಿದ್ದಿದೆ ಸರಿ, ಒಂಬತ್ತು ತುಂಬಿಲ್ಲ" ಅಂದೆ. ಆಗ ಎಂಟು ತಿಂಗಳು ತುಂಬಿ ಹದಿಮೂರು ದಿನ ಆಗಿತ್ತು. ಒಂಬತ್ತನೆಯದು ನಡೆಯುತ್ತಿತ್ತು. ತುಂಬುವುದು ನವೆಂಬರ್ 10, ಸೋಮವಾರ. ಅಲ್ಲಿಂದ ಮುಂದಿನ ಗುರುವಾರ ನವೆಂಬರ್ 13. ಕಾರ್ಡಿನ ಅಂಚಿನಲ್ಲಿ ಆ ತಾರೀಖನ್ನು ದಪ್ಪಗೆ ಬರೆದುಕೊಟ್ಟೆ. ಅಷ್ಟು ದೂರ ನಡೆದು ಬಂದಿದ್ದಕ್ಕೆ ಅಜ್ಜಿಗೆ ಬೇಜಾರಾಯಿತು. ನನಗೂ ಆಯಿತು. ಆದರೂ ಹಾಕಲಿಲ್ಲ.

ಯಾಕೆ ಹಾಕಲಿಲ್ಲ ಅಂದರೆ, ಹೊಟ್ಟೆಯಲ್ಲಿ ಇದ್ದಾಗ ತಾಯಿಯಿಂದ ಮಗುವಿಗೆ ದಡಾರದ ವಿರುದ್ಧ ಸ್ವಲ್ಪ ರಕ್ಷಣೆ ಬಂದಿರುತ್ತದೆ. ಅದು ತಿಂಗಳುಗಳು ಕಳೆದಂತೆ ಕರಗುತ್ತಾ ಹೋಗುತ್ತದೆ. ಎಂಆರ್ ಜೀವಂತ ಲಸಿಕೆ. ಅದರಲ್ಲಿ ಬಲ ಕಳೆದುಕೊಂಡ ವೈರಸ್ ಇರುತ್ತದೆ, ಅದು ಮಗುವಿನ ಮೈಯಲ್ಲಿ ಸ್ವಲ್ಪ ಬೆಳೆದರೆ ಮಾತ್ರ ಕೆಲಸ ಮಾಡುತ್ತದೆ. ತಾಯಿಯಿಂದ ಬಂದ ರಕ್ಷಣೆ ಇನ್ನೂ ಗಟ್ಟಿಯಾಗಿ ಇರುವಾಗಲೇ ಹಾಕಿದರೆ ಅದು ಲಸಿಕೆಯ ವೈರಸ್ಸನ್ನೇ ಹೊಡೆದುಹಾಕುತ್ತದೆ. ಇಂಜೆಕ್ಷನ್ ಆಗಿರುತ್ತದೆ, ಕಾರ್ಡಿನಲ್ಲಿ ಟಿಕ್ ಬಿದ್ದಿರುತ್ತದೆ, ಆದರೆ ಮಗುವಿಗೆ ರಕ್ಷಣೆ ಬಂದಿದೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ತಡ ಆದದ್ದು ಕಣ್ಣಿಗೆ ಕಾಣುತ್ತದೆ, ಬೇಗ ಆದದ್ದು ಕಾಣುವುದಿಲ್ಲ. ಅದಕ್ಕೇ ಬೇಗ ಹಾಕಿಸುವುದರ ಬಗ್ಗೆ ನನಗೆ ಹೆಚ್ಚು ಭಯ.

ತಿಂಗಳನ್ನು ಬೇಗ ತುಂಬಿಸಿಬಿಡುವ ಲೆಕ್ಕಗಳು ಇನ್ನೂ ಎರಡು ಇವೆ. ಒಂದು, ತಿಂಗಳಿಗೆ ನಾಲ್ಕು ವಾರ ಅಂತ ಹಿಡಿಯುವುದು. ಹಾಗೆ ಹಿಡಿದರೆ ಒಂಬತ್ತು ತಿಂಗಳಿಗೆ 36 ವಾರ, 252 ದಿನ. ಕ್ಯಾಲೆಂಡರಿನ ಒಂಬತ್ತು ತಿಂಗಳಿಗೆ 273ರಿಂದ 276 ದಿನ. ಮೂರು ವಾರಕ್ಕಿಂತ ಕಮ್ಮಿ ಇಲ್ಲದಂತೆ ಮುಂಚೆ ಬಂದಂತಾಯಿತು. ಇನ್ನೊಂದು, ಹುಣ್ಣಿಮೆಯಿಂದ ಹುಣ್ಣಿಮೆಗೆ ಎಣಿಸುವುದು. ಚಂದ್ರನ ತಿಂಗಳು ಇಪ್ಪತ್ತೊಂಬತ್ತೂವರೆ ದಿನದ್ದು. ಒಂಬತ್ತು ತಿಂಗಳಿಗೆ ಸುಮಾರು 266 ದಿನ ಬರುತ್ತದೆ. ಅದೂ ಒಂದು ವಾರ ಮುಂಚೆ.

ಸರಿಯಾದ ಲೆಕ್ಕ ಸುಲಭ. ತಾರೀಖಿನ ಅಂಕಿ ಹಾಗೇ ಇರಲಿ, ತಿಂಗಳ ಹೆಸರು ಮಾತ್ರ ಒಂಬತ್ತು ಸಲ ಮುಂದಕ್ಕೆ ಹೋಗಲಿ. ಫೆಬ್ರವರಿ 10ಕ್ಕೆ ನವೆಂಬರ್ 10. ಇನ್ನೂ ಬೇಗ ಬೇಕಾದರೆ ಒಂದು ವರ್ಷ ಮುಂದೆ ಹೋಗಿ ಮೂರು ತಿಂಗಳು ಹಿಂದೆ ಬನ್ನಿ. ಅಂದರೆ ಮೊದಲ ಹುಟ್ಟುಹಬ್ಬಕ್ಕೆ ಮೂರು ತಿಂಗಳು ಮುಂಚೆ. ಇದು ಯಾರಿಗೂ ಮರೆಯುವುದಿಲ್ಲ. 16 ತಿಂಗಳಿಗೂ ಹೀಗೇ: ಮೊದಲ ಹುಟ್ಟುಹಬ್ಬ ಆಗಿ ನಾಲ್ಕು ತಿಂಗಳು.

ಮಗು 31ನೇ ತಾರೀಖು ಹುಟ್ಟಿದೆ. ಒಂಬತ್ತನೇ ತಿಂಗಳಲ್ಲಿ 31 ಇಲ್ಲವಲ್ಲ?

ಮೇ 31ಕ್ಕೆ ಹುಟ್ಟಿದ ಮಗುವಿಗೆ ಒಂಬತ್ತು ತಿಂಗಳು ಅಂದರೆ ಫೆಬ್ರವರಿ. ಅಲ್ಲಿ 28ಕ್ಕೆ ತಿಂಗಳೇ ಮುಗಿಯುತ್ತದೆ. ಕಂಪ್ಯೂಟರ್ ಫೆಬ್ರವರಿ 28 ಅನ್ನುತ್ತದೆ. ಕೆಲವರು ಮಾರ್ಚ್ 1 ಅನ್ನುತ್ತಾರೆ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 2025ರ ಮೇ 31ರ ಮಗುವಿಗೆ 2026ರ ಫೆಬ್ರವರಿ 28 ಶನಿವಾರ, ಮಾರ್ಚ್ 1 ಭಾನುವಾರ. ಎರಡರಲ್ಲಿ ಯಾವುದನ್ನು ಹಿಡಿದರೂ ಮುಂದಿನ ಗುರುವಾರ ಮಾರ್ಚ್ 5 ಒಂದೇ. ಅನುಮಾನ ಬಂದಾಗೆಲ್ಲ ಮುಂದಿನ ತಾರೀಖನ್ನೇ ಹಿಡಿಯುವುದು ನನ್ನ ರೂಢಿ.

ಲೆಕ್ಕದ ದಿನ ಭಾನುವಾರ ಬಂತು. ಅದಕ್ಕಿಂತ ಮುಂಚಿನ ಗುರುವಾರ ಹೋಗಿಬಿಡಲಾ?

ಬೇಡ. ನಮ್ಮ ಕಡೆ ಉಪಕೇಂದ್ರ, ಅಂಗನವಾಡಿಗಳಲ್ಲಿ ಲಸಿಕೆ ಸಾಮಾನ್ಯವಾಗಿ ಗುರುವಾರ. ದೊಡ್ಡ ಆಸ್ಪತ್ರೆಗಳಲ್ಲಿ ಬೇರೆ ದಿನವೂ ಇರಬಹುದು, ಕೇಳಿಕೊಳ್ಳಿ. ಲೆಕ್ಕದ ದಿನವೇ ಲಸಿಕೆಯ ದಿನವಾಗುವುದು ಅಪರೂಪ. ಆ ದಿನಕ್ಕೆ ಬಾಗಿಲು ತೆರೆಯುತ್ತದೆ ಅಂತ ತಿಳಿದುಕೊಳ್ಳಿ. ತೆರೆದ ಮೇಲೆ ಬರುವ ಮೊದಲ ಗುರುವಾರ ಹೋಗಿ. ಲೆಕ್ಕದ ದಿನವೇ ಗುರುವಾರವಾದರೆ ಆವತ್ತೇ ಹೋಗಿ.

ಹಬ್ಬದ ರಜೆ ನೋಡಿಕೊಳ್ಳಿ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ, ಗುರುವಾರವೇ ಬಂದಿತ್ತು. ಅಂಥ ವಾರ ಯಾವ ದಿನ ಇಟ್ಟಿದ್ದಾರೆ ಅಂತ ಆಶಾ ಅಕ್ಕನನ್ನು ಮೊದಲೇ ಕೇಳಿದರೆ ಮಗು ಎತ್ತಿಕೊಂಡು ಹೋಗಿ ಬೀಗ ನೋಡಿ ಬರುವುದು ತಪ್ಪುತ್ತದೆ.

ಒಂದು ಡೋಸ್ ತಡ ಆಯ್ತು. ಉಳಿದ ತಾರೀಖು ಹಾಗೇ ಇರುತ್ತಾ?

ಇರುವುದಿಲ್ಲ. ಕಾರ್ಡಿನಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಖುಗಳೆಲ್ಲ ಹುಟ್ಟಿದ ದಿನದಿಂದ ಹಾಕಿದವು. ಅವು ಮಗುವಿನ ವಯಸ್ಸನ್ನು ಮಾತ್ರ ನೋಡುತ್ತವೆ. ಆದರೆ ಇನ್ನೊಂದು ಲೆಕ್ಕವೂ ಇದೆ: ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ವಾರ, 28 ದಿನ, ಅಂತರ ಇರಬೇಕು. ಮೊದಲ ಡೋಸಿಗೆ ಮೈ ಎದುರು ನಿಂತು, ಅದನ್ನು ಕಲಿತು ಮುಗಿಸಲು ಅಷ್ಟು ಸಮಯ ಬೇಕು. ಅದಕ್ಕೂ ಮುಂಚೆ ಎರಡನೆಯದು ಕೊಟ್ಟರೆ ಅದರ ಫಲ ಸರಿಯಾಗಿ ಸಿಗುವುದಿಲ್ಲ.

ಹಾಗಾಗಿ ಪ್ರತಿ ಸಲವೂ ಎರಡು ತಾರೀಖು ತೆಗೆಯಿರಿ. ಒಂದು, ವಯಸ್ಸಿನಿಂದ ಬಂದದ್ದು. ಇನ್ನೊಂದು, ಹಿಂದಿನ ಡೋಸ್ ನಿಜವಾಗಿ ಹಾಕಿಸಿದ ದಿನಕ್ಕೆ 28 ಸೇರಿಸಿದ್ದು. ಎರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅದೇ ನಿಮ್ಮ ದಿನ. ಅಲ್ಲಿಂದ ಮುಂದಿನ ಗುರುವಾರ.

ಒಂದು ಮಗುವಿನ ಲೆಕ್ಕವನ್ನು ಪೂರ್ತಿ ಹಾಕಿ ತೋರಿಸುತ್ತೇನೆ. ಮಗು ಹುಟ್ಟಿದ್ದು 2025ರ ಆಗಸ್ಟ್ 31, ಭಾನುವಾರ. ಬಾಣಂತನ ಮಂಡ್ಯದ ತವರಿನಲ್ಲಿ, ಗಂಡನ ಮನೆ ಮೈಸೂರಿನಲ್ಲಿ.

6 ವಾರ ತುಂಬಿದ್ದು ಅಕ್ಟೋಬರ್ 12, ಭಾನುವಾರ. ಮುಂದಿನ ಗುರುವಾರ ಅಕ್ಟೋಬರ್ 16. ಆವತ್ತೇ ಮೊದಲ ಸುತ್ತು ಆಯಿತು.

10 ವಾರ ತುಂಬುವುದು ನವೆಂಬರ್ 9. ಮೊದಲ ಡೋಸಿನಿಂದ 28 ದಿನ ಅಂದರೆ ನವೆಂಬರ್ 13, ಗುರುವಾರ. ಆಮೇಲೆ ಬರುವುದು 13. ಹಾಗಾಗಿ 13ಕ್ಕೇ ಹೋಗಬೇಕಿತ್ತು. ಆದರೆ ಅದೇ ವಾರ ತಾಯಿ ಮಗು ಮೈಸೂರಿಗೆ ಹೊರಟರು. ತಾಯಿ ಕಾರ್ಡ್ ತವರಿನ ಬೀರುವಿನಲ್ಲೇ ಉಳಿಯಿತು. ಕಾರ್ಡ್ ಇಲ್ಲದೆ ಹೇಗೆ ಹೋಗುವುದು ಅಂತ ಸುಮ್ನೆ ಕೂತರು. ಕಾರ್ಡ್ ಬಂದು ತಲುಪಿ ಎರಡನೇ ಸುತ್ತು ಆಗಿದ್ದು ನವೆಂಬರ್ 27. ಎರಡು ವಾರ ತಡ.

ಈಗ ಮೂರನೆಯದು. ಕಾರ್ಡಿನಲ್ಲಿ ಮೊದಲೇ ಬರೆದಿದ್ದ 14 ವಾರದ ದಿನ ಡಿಸೆಂಬರ್ 7. ಅದನ್ನೇ ನಂಬಿ ಡಿಸೆಂಬರ್ 11ರ ಗುರುವಾರ ಹೋಗಿದ್ದರೆ ಎರಡನೇ ಡೋಸಿಗೂ ಮೂರನೆಯದಕ್ಕೂ ಬರೀ 14 ದಿನ ಅಂತರ ಆಗುತ್ತಿತ್ತು. ನವೆಂಬರ್ 27ಕ್ಕೆ 28 ಸೇರಿಸಿದರೆ ಡಿಸೆಂಬರ್ 25. ಅದು ಗುರುವಾರವೇ, ಆದರೆ ಕ್ರಿಸ್‌ಮಸ್ ರಜೆ. ಆದ್ದರಿಂದ 2026ರ ಜನವರಿ 1, ಗುರುವಾರ. ಮಗುವಿಗೆ ಆವತ್ತು 17 ವಾರ 4 ದಿನ. ತಡ ಆಯಿತು, ಆದರೆ ಮೂರೂ ಡೋಸ್ ಲೆಕ್ಕಕ್ಕೆ ಬಂದವು. ಪಿಸಿವಿ ಮತ್ತು ಪೋಲಿಯೋ ಇಂಜೆಕ್ಷನ್ನಿಗೆ ಮೊದಲನೆಯದಕ್ಕೂ ಎರಡನೆಯದಕ್ಕೂ ಎಂಟು ವಾರ ಅಂತರ ಇರಬೇಕು. ಅಕ್ಟೋಬರ್ 16ರಿಂದ ಎಣಿಸಿದರೆ ಅದು ಡಿಸೆಂಬರ್ 11ಕ್ಕೇ ಮುಗಿದಿತ್ತು, ಹಾಗಾಗಿ ಆ ಕಡೆ ಚಿಂತೆ ಇಲ್ಲ.

9 ತಿಂಗಳು ತುಂಬುವುದು 2026ರ ಮೇ 31, ಭಾನುವಾರ. ಮುಂದಿನ ಗುರುವಾರ ಜೂನ್ 4. ನಾಲ್ಕು ವಾರದ ತಿಂಗಳು ಹಿಡಿದಿದ್ದರೆ ಮೇ 10 ಬರುತ್ತಿತ್ತು. 16 ತಿಂಗಳು ಡಿಸೆಂಬರ್ 31ಕ್ಕೆ, ಅದು ಗುರುವಾರವೇ ಬಿದ್ದಿದೆ. ಡಿಪಿಟಿ ಬೂಸ್ಟರಿಗೆ ಮೂರನೇ ಪೆಂಟಾದಿಂದ ಆರು ತಿಂಗಳು ಆಗಿರಬೇಕು. ಜನವರಿ 1ರಿಂದ ಆರು ತಿಂಗಳು ಅಂದರೆ ಜುಲೈ 1, ಅದು ಎಂದೋ ದಾಟಿರುತ್ತದೆ. ನೋಡಿ, ಮೊದಲು ಆದ ಎರಡು ವಾರದ ತಡ ಇಲ್ಲಿಗೆ ಬರುವ ಹೊತ್ತಿಗೆ ಕರಗಿಹೋಗಿದೆ. ತಿಂಗಳ ಲೆಕ್ಕದ ಲಸಿಕೆಗಳನ್ನು ಅದು ಮುಟ್ಟುವುದೇ ಇಲ್ಲ.

ಅಂತರ ಕಮ್ಮಿಯಾಗಿ ಹಾಕಿಸಿಬಿಟ್ಟರೆ?

ನಮ್ಮ ತಂಗಿಯ ಮಗಳ ಕೂಸಿಗೆ ಹೀಗೇ ಆಯಿತು. ಮೊದಲ ಡೋಸ್ ತಡವಾಗಿತ್ತು. ಎರಡನೆಯದನ್ನು ಒಂದು ಕ್ಲಿನಿಕ್ಕಿನಲ್ಲಿ ಕಾರ್ಡಿನ ಹಳೇ ತಾರೀಖು ನೋಡಿ ಹಾಕಿದರು. ಅಂತರ ಹದಿನೇಳೇ ದಿನ. ಹಿಂದಿನ ಡೋಸ್ ನಿಜವಾಗಿ ಯಾವತ್ತು ಆಯಿತು ಅಂತ ಯಾರೂ ತಿರುಗಿಸಿ ನೋಡಲಿಲ್ಲ. ಆ ಡೋಸನ್ನು ಲೆಕ್ಕಕ್ಕೆ ಹಿಡಿಯುವ ಹಾಗಿರಲಿಲ್ಲ. ಆ ತಪ್ಪಾದ ದಿನದಿಂದ ಮತ್ತೆ 28 ದಿನ ಕಾದು ಎರಡನೆಯದನ್ನು ಇನ್ನೊಮ್ಮೆ ಹಾಕಿಸಬೇಕಾಯಿತು. ಕೂಸಿಗೆ ಒಂದು ಚುಚ್ಚು ಜಾಸ್ತಿ, ತಾಯಿಗೆ ಒಂದು ರಾತ್ರಿ ನಿದ್ದೆ ಇಲ್ಲ. ಮಗುವಿಗೆ ಇದರಿಂದ ಬೇರೆ ಅಪಾಯ ಆಗಲಿಲ್ಲ. ನಿಮಗೂ ಹಾಗಾಗಿದ್ದರೆ ಮುಚ್ಚಿಡದೆ ಸಿಸ್ಟರಿಗೋ ವೈದ್ಯರಿಗೋ ಎರಡೂ ತಾರೀಖು ಹೇಳಿ, ಅವರು ನೋಡಿ ತೀರ್ಮಾನಿಸುತ್ತಾರೆ.

ತುಂಬಾ ತಡ ಆದರೆ ಮೊದಲಿಂದ ಶುರು ಮಾಡಬೇಕಾ?

ಬೇಡ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಕ್ಕೆ. ಒಂದು ಡೋಸ್ ಆಗಿ ಮೂರು ತಿಂಗಳು ಕಳೆದಿದ್ದರೂ ಮುಂದಿನದು ಎರಡನೆಯದೇ. ಅಂತರ ಹೆಚ್ಚಾದರೆ ಹಿಂದಿನ ಡೋಸ್ ವ್ಯರ್ಥ ಆಗುವುದಿಲ್ಲ. ಆದರೆ ಆ ನಡುವಿನ ದಿನಗಳಲ್ಲಿ ಮಗು ಅರೆ ರಕ್ಷಣೆಯಲ್ಲೇ ಇರುತ್ತದೆ. ಪೆಂಟಾ ತಡೆಯುವ ರೋಗಗಳಲ್ಲಿ ಒಂದಾದ ನಾಯಿಕೆಮ್ಮು ಬಂದರೆ ಎಳೆ ಕೂಸುಗಳಿಗೇ ಹೆಚ್ಚು ಕಷ್ಟ, ಅದಕ್ಕೇ 6 ವಾರದಷ್ಟು ಬೇಗ ಶುರು ಮಾಡುವುದು.

ಕೆಲವು ಬಾಗಿಲು ಮಾತ್ರ ಮುಚ್ಚಿಹೋಗುತ್ತವೆ. ಹೆಪಟೈಟಿಸ್ ಬಿ ಹುಟ್ಟಿನ ಡೋಸ್ 24 ಗಂಟೆಯ ಒಳಗೆ. ಸೊನ್ನೆ ಡೋಸ್ ಪೋಲಿಯೋ 15 ದಿನದ ಒಳಗೆ. ಬಿಸಿಜಿ ಒಂದು ವರ್ಷದ ತನಕ. ಪೆಂಟಾ, ರೋಟಾ ಮೊದಲ ಡೋಸ್ ಒಂದು ವರ್ಷದ ಒಳಗೆ ಬಿದ್ದಿರಬೇಕು. ಡಿಸ್ಚಾರ್ಜ್ ಆಗುವಾಗಲೇ ಕಾಗದದಲ್ಲಿ ಹುಟ್ಟಿದಾಗಿನ ಮೂರೂ ಲಸಿಕೆ ಬರೆದಿದೆಯಾ ಅಂತ ನೋಡಿಕೊಂಡು ಹೊರಡಿ.

ಮಗು ದಿನ ತುಂಬುವ ಮುಂಚೆ ಹುಟ್ಟಿದೆ. ಡಾಕ್ಟರ್ ಕೊಟ್ಟಿದ್ದ ಹೆರಿಗೆ ತಾರೀಖಿನಿಂದ ಎಣಿಸಲಾ?

ಹುಟ್ಟಿದ ತಾರೀಖಿನಿಂದಲೇ. ಎಂಟು ತಿಂಗಳಿಗೇ ಹುಟ್ಟಿದರೂ 6 ವಾರ ಅಂದರೆ ಹುಟ್ಟಿ 42 ದಿನ. ಬೇಗ ಹುಟ್ಟಿದ ಮಕ್ಕಳಿಗೆ ತಾಯಿಯಿಂದ ಬಂದ ರಕ್ಷಣೆಯೂ ಕಮ್ಮಿ, ಅವರನ್ನು ಕಾಯಿಸುವುದು ಸರಿಯಲ್ಲ. ಮಗು ಇನ್ನೂ ಆಸ್ಪತ್ರೆಯಲ್ಲೇ ಇದ್ದರೆ, ತೂಕ ತೀರಾ ಕಮ್ಮಿ ಇದ್ದರೆ ಅಲ್ಲಿನ ಮಕ್ಕಳ ವೈದ್ಯರು ಹೇಳಿದ ಹಾಗೆ ಮಾಡಿ.

ಪೋಲಿಯೋ ಭಾನುವಾರ ಹನಿ ಹಾಕಿಸಿದ್ದೇವೆ. ಅದು ಒಂದು ಡೋಸ್ ಆಯ್ತಲ್ಲ?

ಅದು ಲೆಕ್ಕಕ್ಕಿಲ್ಲ, ಹೆಚ್ಚುವರಿ. ಕಾರ್ಡಿನ ಪೋಲಿಯೋ ಅದರ ದಿನಕ್ಕೇ ಆಗಬೇಕು. ಪಲ್ಸ್ ಪೋಲಿಯೋ ಆಗಿ ನಾಲ್ಕು ದಿನವಾದರೂ ಗುರುವಾರದ ಡೋಸ್ ಬಿಡಬೇಡಿ.

ನೆಗಡಿ ಇದೆ, ಮುಂದಿನ ವಾರ ಹೋಗೋಣ ಅಂತ ಇದ್ದೇವೆ.

ಸಣ್ಣ ನೆಗಡಿ, ಕೆಮ್ಮು, ಮೈ ಸ್ವಲ್ಪ ಬಿಸಿ ಇದ್ದರೆ ಕರೆದುಕೊಂಡು ಬನ್ನಿ, ನೋಡಿ ಹಾಕುತ್ತಾರೆ. ಮಗು ಹಾಲು ಕುಡಿಯದೆ ಸೊರಗಿದ್ದರೆ, ಜ್ವರ ಜೋರಾಗಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಮೈಸೂರಿನ ಮಕ್ಕಳ ಕ್ಲಿನಿಕ್‌ನಲ್ಲಿ ಕೊಟ್ಟ ಪಟ್ಟಿ ಬೇರೆ ಥರ ಇದೆ. ಯಾವುದು ಸರಿ?

6, 10, 14 ವಾರ ಎರಡರಲ್ಲೂ ಒಂದೇ. ಆಮೇಲೆ ಸ್ವಲ್ಪ ಕವಲೊಡೆಯುತ್ತದೆ. ಖಾಸಗಿ ಪಟ್ಟಿಯಲ್ಲಿ ದಡಾರದ ಎರಡನೇ ಡೋಸ್ 15 ತಿಂಗಳಿಗೆ ಇರುತ್ತದೆ, ಅದರಲ್ಲಿ ಮಂಗನಬಾವಿನ ಲಸಿಕೆಯೂ ಸೇರಿರುತ್ತದೆ. ಟೈಫಾಯ್ಡ್, ಫ್ಲೂ ಲಸಿಕೆಗಳೂ ಇರುತ್ತವೆ. ಎರಡೂ ಸರಿಯೇ. ಅರ್ಧ ಇಲ್ಲಿ ಅರ್ಧ ಅಲ್ಲಿ ಹಾಕಿಸಿದಾಗ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಒಬ್ಬರ ಕಾರ್ಡ್ ಇನ್ನೊಬ್ಬರು ನೋಡಿರುವುದಿಲ್ಲ. ಎರಡು ಕಡೆ ಹಾಕಿಸುವುದೇ ಆದರೆ ಎಲ್ಲ ತಾರೀಖೂ ಒಂದೇ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಫೋನಿನಲ್ಲಿ ಶೀಟ್ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಿ, ಒಳ್ಳೆಯದು. ನನ್ನ ಮಗ ಮಾಡಿಕೊಟ್ಟ ಶೀಟನ್ನು ನಮ್ಮ ಆಶಾ ಅಕ್ಕಂದಿರು ಈಗಲೂ ಬಳಸುತ್ತಾರೆ. `B2`ನಲ್ಲಿ ಹುಟ್ಟಿದ ತಾರೀಖು. `C2`, `D2`ನಲ್ಲಿ ಮೊದಲ ಮತ್ತು ಎರಡನೇ ಡೋಸ್ ನಿಜವಾಗಿ ಹಾಕಿಸಿದ ತಾರೀಖು. ಕೆಳಗಿನ ಐದು ಸಾಲು 6 ವಾರ, 10 ವಾರ, 14 ವಾರ, 9 ತಿಂಗಳು, 16 ತಿಂಗಳಿಗೆ ಕ್ರಮವಾಗಿ.

```
=B2+42
=MAX(B2+70, C2+28)
=MAX(B2+98, D2+28)
=EDATE(B2, 9)
=EDATE(B2, 16)
```

ಡೋಸ್ ಇನ್ನೂ ಆಗಿಲ್ಲದಿದ್ದರೆ `C2`, `D2` ಖಾಲಿ ಬಿಡಿ, ಆಗ ವಯಸ್ಸಿನ ತಾರೀಖೇ ಬರುತ್ತದೆ. ಹಾಕಿಸಿದ ದಿನ ತುಂಬಿಸಿದ ತಕ್ಷಣ ಮುಂದಿನದು ತಾನೇ ಜರುಗುತ್ತದೆ. 9 ತಿಂಗಳಿಗೆ `B2+270` ಅಂತ ಹಾಕಬೇಡಿ. ಅದು ತಿಂಗಳಿಗೆ 30 ದಿನ ಹಿಡಿದಂತೆ, ಮೂರರಿಂದ ಆರು ದಿನ ಮುಂಚೆ ಬರುತ್ತದೆ. ಲೆಕ್ಕದ ತಾರೀಖು `F2`ನಲ್ಲಿ ಇದ್ದರೆ ಅದರ ಗುರುವಾರ ಹೀಗೆ:

```
=F2+MOD(5-WEEKDAY(F2), 7)
```

ಶೀಟಿನಲ್ಲಿ ತಪ್ಪಾಗುವುದು ತಾರೀಖು ಬರೆಯುವ ರೀತಿಯಲ್ಲಿ. ನೀವು ಏಪ್ರಿಲ್ 3 ಅಂತ `03/04/2025` ಬರೆದರೆ, ಕೆಲವು ಫೋನುಗಳು ಅದನ್ನು ಮಾರ್ಚ್ 4 ಅಂತ ಓದುತ್ತವೆ. ಎಲ್ಲ ತಾರೀಖೂ ಒಂದು ತಿಂಗಳು ಮುಂಚೆ ಬಂದುಬಿಡುತ್ತದೆ. 13ಕ್ಕಿಂತ ಕಮ್ಮಿ ತಾರೀಖಿಗೆ ಹುಟ್ಟಿದ ಮಕ್ಕಳಲ್ಲಿ ಮಾತ್ರ ಹೀಗಾಗುವುದರಿಂದ ಬೇಗ ಗೊತ್ತಾಗುವುದಿಲ್ಲ. ಹುಟ್ಟಿದ ವಾರವನ್ನು ಪಕ್ಕದಲ್ಲಿ ತೋರಿಸುವಂತೆ ಇಟ್ಟುಕೊಳ್ಳಿ. ಮಗು ಗುರುವಾರ ಹುಟ್ಟಿದ್ದು ನಿಮಗೆ ಗೊತ್ತು, ಶೀಟ್ ಮಂಗಳವಾರ ಅಂದರೆ ತಾರೀಖು ತಿರುಗಿದೆ ಅಂತ ಅಲ್ಲೇ ಸಿಕ್ಕಿಬೀಳುತ್ತದೆ.

ಕಾರ್ಡ್ ಕಳೆದುಹೋಗಿದೆ. ಏನು ಮಾಡಲಿ?

ಕಾರ್ಡ್ ಇಲ್ಲ ಅಂತ ಮನೆಯಲ್ಲಿ ಕೂರಬೇಡಿ. ಹಾಕಿಸಿದ ಕಡೆ ರಿಜಿಸ್ಟರಿನಲ್ಲಿ ತಾರೀಖು ಇರುತ್ತದೆ. ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ಹೆಸರು ಸೇರಿಸಿದ್ದರೆ ನೀವು ಕೊಟ್ಟ ಫೋನ್ ನಂಬರಿನಿಂದ ಬೇರೆ ಊರಿನಲ್ಲೂ ತೆಗೆದು ನೋಡಬಹುದು. ಆ ನಂಬರ್ ಅಜ್ಜಂದೋ, ಮಾವಂದೋ, ಹಳೇ ಸಿಮ್ಮಿನದೋ ಅಂತ ನೆನಪು ಮಾಡಿಕೊಂಡು ಹೋಗಿ. ಮತ್ತೆ ಪ್ರತಿ ಗುರುವಾರ ಇಂಜೆಕ್ಷನ್ ಆದ ಕೂಡಲೇ, ಮಗು ಅಳು ನಿಲ್ಲಿಸುವ ತನಕ ಅರ್ಧ ಗಂಟೆ ಅಲ್ಲೇ ಕೂತಿರುತ್ತೀರಲ್ಲ, ಆಗ ಕಾರ್ಡಿನ ಆ ಪುಟದ ಒಂದು ಫೋಟೋ ತೆಗೆದು ಮಗುವಿನ ಅಪ್ಪನಿಗೂ ಅಜ್ಜಿ ಮನೆಗೂ ಕಳಿಸಿಬಿಡಿ.